L ಅಂತ ಬರೆಯೋ ಮುಂಚೆ, L ಇದೆಯಾ ಅಂತ ನೋಡಿ

ಹಾಸನದಲ್ಲಿ ಬಿಎಸ್ಸಿ ಓದೋ ಹುಡುಗ್ರು ಲೆಕ್ಕ ತೋರಿಸೋಕೆ ಬಂದಾಗೆಲ್ಲ ನಾನು ಒಂದೇ ವಿಷಯಕ್ಕೆ ತಕರಾರು ತೆಗೀತೀನಿ. ಪ್ರಶ್ನೆ ಇಷ್ಟೇ, ಮೊದಲನೇ ಪದ 1, ಆಮೇಲೆ ಪ್ರತಿ ಸಲ ಇರೋ ನಂಬರ್‌ಗೆ ಒಂದು ಕೂಡಿಸಿ ವರ್ಗಮೂಲ ತಗೊಳ್ಳೋದು, ಅಂದ್ರೆ a₁ = 1, aₙ₊₁ = √(1 + aₙ). ಇದರ ಲಿಮಿಟ್ ಎಷ್ಟು? ಹುಡುಗ್ರು ತಕ್ಷಣ ಎರಡೂ ಕಡೆ L ಹಾಕ್ತಾರೆ, L² = 1 + L, ಉತ್ತರ (1+√5)/2, ಸುಮಾರು 1.618, ಮುಗೀತು ಅಂತಾರೆ. ಉತ್ತರ ಸರಿ, ಆದ್ರೆ ಏನೂ ಸಾಬೀತಾಗಿಲ್ಲ.

ಯಾಕೆ ಅಂತ ನೋಡಿ. ಇದೇ ಉಪಾಯಾನ aₙ₊₁ = 2aₙ + 1 ಮೇಲೆ ಹಾಕಿ, ಶುರು 1ರಿಂದಾನೇ. L = 2L + 1, ಹಾಗಾಗಿ L = −1 ಬರತ್ತೆ. ಆದ್ರೆ ಪದಗಳು 1, 3, 7, 15, 31 ಅಂತ ಮೇಲೆ ಓಡ್ತಾನೇ ಇವೆ, ಮೈನಸ್ ಒಂದರ ಹತ್ರಾನೂ ಸುಳಿಯಲ್ಲ. L ಅಂತ ಬರೆದ ಕ್ಷಣಾನೇ ನಾವು ಲಿಮಿಟ್ ಇದೆ ಅಂತ ಒಪ್ಕೊಂಡುಬಿಟ್ಟಿರ್ತೀವಿ, ಸಮೀಕರಣ ಹೇಳೋದು "ಇದ್ರೆ ಇಷ್ಟು" ಅಂತ ಮಾತ್ರ.

ಕ್ಯಾಲ್ಕುಲೇಟರ್ ಒತ್ತಿ ನೋಡಿದ್ರೆ ಸಾಲದಾ ಅಂತ ಕೇಳ್ತಾರೆ. ನಮ್ಮ ಸೀಕ್ವೆನ್ಸ್‌ಗೆ 1, 1.414, 1.554, 1.598, 1.612, 1.616 ಬರತ್ತೆ, ನಿಂತ ಹಾಗೇ ಕಾಣತ್ತೆ. ಆದ್ರೆ 1 + 1/2 + 1/3 ಅಂತ ಕೂಡಿಸ್ತಾ ಹೋಗಿ, 10 ಕೋಟಿ ಪದ ಕೂಡಿಸಿದ್ರೂ ಮೊತ್ತ 19 ದಾಟಲ್ಲ, ನೋಡಿದವರು ಇದೂ ನಿಂತೇ ಹೋಯ್ತು ಅಂತಾರೆ, ಆದ್ರೆ ಅದಕ್ಕೆ ಮಿತೀನೇ ಇಲ್ಲ.

ಹಾಗಾಗಿ ಮೊದಲು ಎರಡು ವಿಷಯ ತೋರಿಸ್ಬೇಕು, ಎರಡೂ ಇಂಡಕ್ಷನ್‌ನಿಂದ ಸಲೀಸಾಗಿ ಆಗತ್ತೆ. ಯಾವ ಪದಾನೂ 2 ಮುಟ್ಟಲ್ಲ: 1 ಚಿಕ್ಕದು, ಮತ್ತೆ aₙ < 2 ಆದ್ರೆ ಮುಂದಿನದು √3ಕ್ಕಿಂತ ಕಡಿಮೆ, ಅದು 2ಕ್ಕಿಂತ ಕಡಿಮೆ. ಇನ್ನೊಂದು, ಪದಗಳು ಏರ್ತಾನೇ ಇರ್ತವೆ: √2 ಅನ್ನೋದು 1ಕ್ಕಿಂತ ದೊಡ್ಡದು, ಒಂದು ಪದ ಹಿಂದಿನದಕ್ಕಿಂತ ದೊಡ್ಡದಾದ್ರೆ ಎರಡಕ್ಕೂ 1 ಕೂಡಿಸಿ ವರ್ಗಮೂಲ ತಗೊಂಡ್ರೂ ಅದೇ ಕ್ರಮ ಉಳಿಯತ್ತೆ.

ಇಲ್ಲಿ ಇನ್ನೊಂದು ತಪ್ಪು ಕಲ್ಪನೆ ನುಗ್ಗತ್ತೆ, "2 ದಾಟಲ್ಲ, ಏರ್ತಾನೇ ಇದೆ, ಹಾಗಾದ್ರೆ 2ಕ್ಕೇ ಹೋಗತ್ತೆ" ಅಂತ. ಇಲ್ಲ! ಚಿಕ್ಕಮಗಳೂರಿಂದ ಬೆಟ್ಟ ಹತ್ತೋರು ಯಾರೂ ಮುಳ್ಳಯ್ಯನಗಿರಿ ತುದಿಗಿಂತ ಮೇಲೆ ಹೋಗಲ್ಲ ನಿಜ, ಆದ್ರೆ ಸೀತಾಳಯ್ಯನಗಿರಿಲೇ ನಿಂತುಬಿಡೋರೂ ಇದ್ದಾರೆ. 2 ಒಂದು ಮೇಲ್ಮಿತಿ ಅಷ್ಟೇ, 3 ಕೂಡ ಮೇಲ್ಮಿತಿ, 100 ಕೂಡ. ನಮಗೆ ಬೇಕಿರೋದು ಎಲ್ಲ ಮೇಲ್ಮಿತಿಗಳಲ್ಲಿ ತೀರಾ ಚಿಕ್ಕದು, ಅದೇ ಸುಪ್ರೀಮಮ್. ಮೇಲ್ಮಿತಿ ಇರೋ, ಖಾಲಿ ಅಲ್ಲದ ಯಾವ ರಿಯಲ್ ಸಂಖ್ಯೆಗಳ ಗುಂಪಿಗೂ ಅಂಥದ್ದೊಂದು ಇದ್ದೇ ಇರತ್ತೆ ಅನ್ನೋದು ರಿಯಲ್ ಸಂಖ್ಯೆಗಳ ಮೂಲ ಗುಣ. ಭಾಗಲಬ್ಧ ಸಂಖ್ಯೆಗಳಷ್ಟೇ ಇದ್ದಿದ್ರೆ ಇದು ನಡೀತಿರ್ಲಿಲ್ಲ, ವರ್ಗ 2ಕ್ಕಿಂತ ಕಡಿಮೆ ಇರೋ ಭಿನ್ನರಾಶಿಗಳ ಗುಂಪಿಗೆ ಭಿನ್ನರಾಶಿಯಲ್ಲಿ ಸುಪ್ರೀಮಮ್ ಇಲ್ಲ. 1858ರಲ್ಲಿ ಜ್ಯೂರಿಕ್‌ನಲ್ಲಿ ಕ್ಯಾಲ್ಕುಲಸ್ ಪಾಠ ಮಾಡ್ತಿದ್ದ ಡೆಡೆಕಿಂಡ್‌ಗೆ ಕಾಡಿದ್ದೂ ಇದೇ: ಏರ್ತಾ ಇರೋ, ಮಿತಿ ಇರೋ ರಾಶಿ ಲಿಮಿಟ್‌ಗೆ ಹೋಗತ್ತೆ ಅಂತ ಹೇಳೋವಾಗ ಗೆರೆ ಎಳೆದು ತೋರಿಸಬೇಕಾಗ್ತಿತ್ತು, ಸಂಖ್ಯೆಗಳಿಂದಾನೇ ಬರೋ ಪುರಾವೆ ಇರ್ಲಿಲ್ಲ. ಆ ನವೆಂಬರ್ 24ಕ್ಕೆ ಅವನಿಗೆ ದಾರಿ ಹೊಳೀತು, ಅಚ್ಚಾಗಿದ್ದು 1872ರಲ್ಲಿ.

ಈಗ ನಮ್ಮ ಪದಗಳ ಸುಪ್ರೀಮಮ್ s ಅನ್ನಿ. s ಗಿಂತ ಎಷ್ಟೇ ಸ್ವಲ್ಪ ಕೆಳಗೆ, ಎಪ್ಸಿಲಾನ್‌ನಷ್ಟು ಕೆಳಗೆ ಒಂದು ಗೆರೆ ಹಾಕಿದ್ರೂ ಅದು ಮೇಲ್ಮಿತಿ ಆಗಲ್ಲ, ಯಾಕಂದ್ರೆ s ತಾನೇ ಅತಿ ಚಿಕ್ಕ ಮೇಲ್ಮಿತಿ. ಹಾಗಾಗಿ ಯಾವುದೋ ಒಂದು ಪದ ಆ ಗೆರೆ ದಾಟಿರ್ಲೇಬೇಕು. ಒಂದು ದಾಟಿದ್ರೆ ಸಾಕು, ಪದಗಳು ಕೆಳಗೆ ಇಳಿಯೋದೇ ಇಲ್ಲವಲ್ಲ, ಮುಂದಿನವೆಲ್ಲ ಗೆರೆಗೂ s ಗೂ ಮಧ್ಯಾನೇ ಇರ್ಬೇಕು. ಕನ್ವರ್ಜ್ ಆಗೋದು ಅಂದ್ರೆ ಇದೇ, ಲಿಮಿಟ್ ಅಂದ್ರೆ ಈ s.

ಈಗ L ಹಾಕೋಕೆ ಹಕ್ಕು ಬಂತು. aₙ₊₁² = 1 + aₙ ಅಂತ ಬರ್ಕೊಳ್ಳಿ. aₙ₊₁ ಅನ್ನೋದು ಅದೇ ಸೀಕ್ವೆನ್ಸು, ಮೊದಲ ಪದ ಬಿಟ್ಟಿದ್ದು, ಅದೂ L ಗೇ ಹೋಗತ್ತೆ. L² = 1 + L ಗೆ ಎರಡು ಉತ್ತರ, 1.618 ಮತ್ತೆ −0.618. ಎಲ್ಲ ಪದಗಳೂ 1 ಅಥವಾ ಅದಕ್ಕಿಂತ ದೊಡ್ಡವು, ಹಾಗಾಗಿ ಎರಡನೇದು ಬಿತ್ತು. 1.618 ನೋಡಿದ ತಕ್ಷಣ ಗೋಲ್ಡನ್ ರೇಷಿಯೋ, ಬೇಲೂರು ಹಳೇಬೀಡಿನ ಪವಾಡ ಅಂತ ಫಾರ್ವರ್ಡ್ ಮಾಡೋರಿಗೆ ನನ್ನ ವಿನಂತಿ, ಇಲ್ಲಿ ಅದು ಬಂದಿದ್ದು ಒಂದು ವರ್ಗ ಸಮೀಕರಣದಿಂದ, ಅಷ್ಟೇ.

ಶುರು 5ರಿಂದ ಮಾಡಿದ್ರೆ? 5, 2.449, 1.857 ಅಂತ ಇಳಿಯತ್ತೆ, ಆಗ ಕೆಳಮಿತಿ ಮತ್ತೆ ಇನ್ಫಿಮಮ್ ಹಿಡೀಬೇಕು, ಸೇರೋದು ಅಲ್ಲಿಗೇ. ಆದ್ರೆ aₙ₊₁ = 1/(1 + aₙ) ತಗೊಂಡ್ರೆ 1, 0.5, 0.667, 0.6 ಅಂತ ಮೇಲೆ ಕೆಳಗೆ ಆಡತ್ತೆ, ಅಲ್ಲಿ ಈ ದಾರಿ ನೇರವಾಗಿ ನಡಿಯಲ್ಲ, ಬೆಸ ಸ್ಥಾನದ ಪದಗಳನ್ನ ಒಂದು ಸೀಕ್ವೆನ್ಸು, ಸಮ ಸ್ಥಾನದ್ದನ್ನ ಇನ್ನೊಂದು ಅಂತ ಬೇರೆ ಮಾಡಿ, ಒಂದು ಇಳಿಯತ್ತೆ ಇನ್ನೊಂದು ಏರತ್ತೆ ಅಂತ ತೋರಿಸಿ, ಎರಡೂ ಒಂದೇ ನಂಬರ್‌ಗೆ ಬರ್ತವೆ ಅನ್ನೋದನ್ನೂ ಬೇರೆಯಾಗಿ ಸಾಧಿಸ್ಬೇಕು.