ರೂಟಿಗೆ ಏನು ಹೆಸರು ಇಡೋದು? 'ಯಾಣ ರೈಡ್' ಅಂತ ಮಾತ್ರ ಬೇಡ

ಪ್ರಶ್ನೆ: ಶಿರಸಿಯಿಂದ ಹೊರಟು ಕುಮಟಾಕ್ಕೆ ಇಳಿದು, ಸಿದ್ದಾಪುರದ ಮೇಲೆ ವಾಪಸ್ ಶಿರಸಿಗೆ ಬರುವ ಸೈಕಲ್ ರೂಟ್ ಮಾಡಿದ್ದೇವೆ. ಬೇರೆಯವರಿಗೂ ಕೊಡಬೇಕು ಅಂತಿದೆ. ಎಲ್ಲರಿಗೂ ನೆನಪಿರುವ ಹಾಗೆ ಏನು ಹೆಸರು ಇಡೋದು? ಯಾಣದ ಕಡೆ ಹೋಗುವ ರಸ್ತೆ ಮಧ್ಯೆ ಸಿಗುತ್ತದಲ್ಲ, 'ಯಾಣ ರೈಡ್' ಅಂತ ಇಟ್ಟರೆ ಸಾಕಲ್ವಾ?

ಸಾಕಾಗಲ್ಲ. ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂದರೆ, ಪ್ರತಿ ಸಲವೂ ಯಾಣ ಇರುವ ಜಾಗದಲ್ಲಿ ಬೇರೆ ಊರು ಇರುತ್ತದೆ ಅಷ್ಟೇ. ಮಾಗೋಡು ಟ್ರೆಕ್, ಸಾತೊಡ್ಡಿ ರೈಡ್, ಗೋಕರ್ಣ ಟ್ರೇಲ್. ಹೆಸರುವಾಸಿ ಜಾಗದ ಹೆಸರು ಇಟ್ಟರೆ ಜನರಿಗೆ ನೆನಪಿರುತ್ತದೆ ಅನ್ನುವ ನಂಬಿಕೆ ಎಲ್ಲರಲ್ಲೂ ಗಟ್ಟಿಯಾಗಿ ಕೂತಿದೆ. ನೆನಪಿರುತ್ತದೆ, ನಿಜ. ಆದರೆ ನೆನಪಿರೋದು ಯಾಣ, ನಿಮ್ಮ ದಾರಿಯಲ್ಲ.

ಯಾಣವನ್ನೇ ನೋಡಿ. ಅಲ್ಲಿಗೆ ಒಂದೇ ದಾರಿ ಇದೆಯಾ? ಶಿರಸಿ–ಕುಮಟಾ ರಸ್ತೆಯಿಂದ ತಿರುಗಿ ಹೋಗಬಹುದು. ಶಿರಸಿಯಿಂದಲೇ ದೇವನಳ್ಳಿ ಮೇಲೆ ಹೋಗಬಹುದು. ಅಂಕೋಲಾ ಕಡೆಯವರು ಅಚವೆಯಿಂದ ವಿಭೂತಿ ಜಲಪಾತದ ಬದಿಗೆ ಹಾದು ಬರುತ್ತಾರೆ. ಮೂರಕ್ಕೂ ಏರು ಬೇರೆ, ರಸ್ತೆ ಬೇರೆ, ನೀರು ಸಿಗುವ ಜಾಗ ಬೇರೆ. ಮೂರನ್ನೂ ಜನ 'ಯಾಣ ರೈಡ್' ಅಂತಲೇ ಸೇವ್ ಮಾಡಿ ಕಳಿಸುತ್ತಾರೆ. ಆಮೇಲೆ ಒಬ್ಬರು ಒಂದು ಕ್ರಾಸಿನಲ್ಲಿ ಕಾಯುತ್ತಿರುತ್ತಾರೆ, ಇನ್ನೊಬ್ಬರು ಮತ್ತೊಂದು ಕಡೆ, ಮತ್ತು ಘಟ್ಟದೊಳಗೆ ನೆಟ್‌ವರ್ಕ್ ಎಷ್ಟು ಸಿಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

"ಹಾಗಾದರೆ 'ಶಿರಸಿ–ಯಾಣ' ಅಂತ ಇಡೋಣ" ಅನ್ನುತ್ತಾರೆ. ಅದೂ ಆಗಲ್ಲ. ಶಿರಸಿಯಿಂದಲೇ ಎರಡು ದಾರಿ ಇದೆ ಅಂತ ಈಗಷ್ಟೇ ಹೇಳಿದೆ. ಹೊರಡುವ ಜಾಗ, ತಲುಪುವ ಜಾಗ ಎರಡನ್ನೂ ಬರೆದರೂ ಮಧ್ಯದ್ದು ಗೊತ್ತಾಗಲಿಲ್ಲ. ರೂಟ್ ಅಂದರೆ ಆ ಮಧ್ಯದ್ದೇ ಅಲ್ವಾ?

ಹೆಸರು ಸರಿಯಾಗಿದೆಯಾ ಅಂತ ನೋಡಲು ಒಂದು ಸುಲಭದ ದಾರಿ ಇದೆ. ಈ ಕಡೆಯ ರಸ್ತೆಗಳು ಗೊತ್ತಿರುವ, ಆದರೆ ನಿಮ್ಮ ಜೊತೆ ಬಂದಿರದ ಒಬ್ಬರಿಗೆ ಫೋನ್ ಮಾಡಿ ಹೆಸರು ಮಾತ್ರ ಹೇಳಿ, ಸುಮ್ನಿರಿ. ಅವರು "ಯಾವ ಕಡೆಯಿಂದ?" ಅಂತ ಕೇಳಿದರೆ ಹೆಸರು ಕೆಲಸ ಮಾಡಿಲ್ಲ. "ಓ, ಹಾಗಾದರೆ ಆ ಏರು ಹತ್ತಬೇಕಾ?" ಅಂತ ಕೇಳಿದರೆ ಗೆದ್ದಿರಿ.

ನಮ್ಮ ಜಿಲ್ಲೆಯವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಯೇ ಇಲ್ಲ, ಘಟ್ಟಗಳ ಹೆಸರು ನೋಡಿದರೆ ಸಾಕು. ಶಿರಸಿಯಿಂದ ಕುಮಟಾಕ್ಕೆ ಇಳಿಯುವುದನ್ನು ಯಾರೂ ಕುಮಟಾ ಘಟ್ಟ ಅನ್ನಲಿಲ್ಲ, ದೇವಿಮನೆ ಘಟ್ಟ ಅಂದರು. ಯಲ್ಲಾಪುರದಿಂದ ಅಂಕೋಲಾಕ್ಕೆ ಇಳಿಯುವುದು ಅರಬೈಲು. ಸಿದ್ದಾಪುರದಿಂದ ಕುಮಟಾಕ್ಕೆ ದೊಡ್ಮನೆ. ಕುಮಟಾಕ್ಕೇ ಎರಡು ಘಟ್ಟ ಇಳಿಯುತ್ತವೆ ನೋಡಿ, ಊರಿನ ಹೆಸರು ಇಟ್ಟಿದ್ದರೆ ಎರಡೂ ಕುಮಟಾ ಘಟ್ಟವೇ ಆಗಿಬಿಡುತ್ತಿತ್ತು. ದಾರಿಯಲ್ಲಿ ಸಿಗುವ ಊರಿನ ಹೆಸರು ಇಟ್ಟಿದ್ದರಿಂದ, ಲಾರಿಯವರು "ದೇವಿಮನೆ ಮೇಲೆ ಬಂದೆ" ಅಂದರೆ ಯಾವ ರಸ್ತೆ ಅಂತ ಮತ್ತೆ ಕೇಳುವ ಹಾಗಿಲ್ಲ.

ಅಂದರೆ ಹೆಸರು ಹುಡುಕಬೇಕಾದ್ದು ಕೊನೆಯಲ್ಲಲ್ಲ. ನಿಮ್ಮ ದಾರಿ ಉಳಿದ ದಾರಿಗಳಿಂದ ಬೇರೆಯಾಗುವುದು ಎಲ್ಲಿ ಅಂತ ನೋಡಿ, ಅಲ್ಲಿನ ಹೆಸರು ಎತ್ತಿಕೊಳ್ಳಿ. ನಡೆಯುವವರಿಗೂ ಇದೇ. ಗೋಕರ್ಣದಲ್ಲಿ ಓಂ ಬೀಚಿನಿಂದ ಪ್ಯಾರಡೈಸ್ ತನಕ ಹೋಗಿ ವಾಪಸ್ ಬರುವವರೂ ಬೀಚ್ ಟ್ರೆಕ್ ಅನ್ನುತ್ತಾರೆ, ತದಡಿಯಲ್ಲಿ ದೋಣಿ ಹತ್ತಿ ಅಘನಾಶಿನಿ ದಾಟಿ ಕುಮಟಾ ತನಕ ನಡೆಯುವವರೂ ಬೀಚ್ ಟ್ರೆಕ್ ಅನ್ನುತ್ತಾರೆ. ಎರಡನೆಯದಕ್ಕೆ 'ತದಡಿ ದೋಣಿ' ಅಂತ ಇಡಿ. ಹೊಳೆ ದಾಟಬೇಕು, ದೋಣಿ ಇದೆಯಾ ಅಂತ ಮೊದಲೇ ವಿಚಾರಿಸಬೇಕು ಅನ್ನುವುದೂ ಹೆಸರಲ್ಲೇ ಬಂತು.

ಈಗ ನಿಮ್ಮ ರೂಟಿಗೆ ಬರೋಣ. ಸುತ್ತಿ ಬಂದರೆ 150 ಕಿಲೋಮೀಟರ್ ಆಚೀಚೆ ಆಗುತ್ತದೆ. ಶಿರಸಿ, ಕುಮಟಾ, ಸಿದ್ದಾಪುರ ಮೂರನ್ನೂ ಹೆಸರಲ್ಲಿ ತುಂಬುವುದು ಬೇಡ. ಇದರಲ್ಲಿ ನೆನಪಿಡಬೇಕಾದ್ದು ಎರಡು ಘಟ್ಟ. ಹಾಗಾಗಿ 'ದೇವಿಮನೆ–ದೊಡ್ಮನೆ'. ಬಾಯಲ್ಲಿ ಹೇಳಿ ನೋಡಿ, ಪ್ರಾಸ ತಾನಾಗಿಯೇ ಕೂತಿದೆ. ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಆದರೆ ಪ್ರಾಸದಲ್ಲೇ ಒಂದು ತೊಡಕೂ ಇದೆ. ಎರಡೂ ಒಂದೇ ಥರ ಕೇಳುವುದರಿಂದ ಯಾವುದು ಮೊದಲು ಅನ್ನುವುದು ಅದಲು ಬದಲಾಗುತ್ತದೆ. ಆಗ ಒಂದು ಗುಂಪು ದೇವಿಮನೆ ಇಳಿಯುತ್ತದೆ, ಇನ್ನೊಂದು ಅದನ್ನೇ ಹತ್ತುತ್ತದೆ. ಕೆಲವೇ ಮೀಟರ್ ಎತ್ತರದ ಕುಮಟಾದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿ ಕಡೆಗೆ ಯಾವ ಘಟ್ಟದಲ್ಲಿ ಏರುತ್ತೀರಿ ಅನ್ನುವುದು ಸಣ್ಣ ವಿಷಯ ಅಲ್ಲ. ಅದಕ್ಕೇ ಬಾಯಲ್ಲಿ ಹೇಳುವಾಗ "ದೇವಿಮನೆ ಇಳಿ, ದೊಡ್ಮನೆ ಹತ್ತು" ಅಂತ ಪೂರ್ತಿ ಹೇಳಿ. ಉಲ್ಟಾ ಹೋಗುವವರು "ದೊಡ್ಮನೆ ಇಳಿ, ದೇವಿಮನೆ ಹತ್ತು" ಅನ್ನಲಿ. ಅದನ್ನು ಬೇರೆ ರೂಟ್ ಅಂತಲೇ ಸೇವ್ ಮಾಡಿ.

ಇನ್ನು ಫೈಲ್. ಇಲ್ಲೇ ಜಾಸ್ತಿ ಜನ ಎಡವುವುದು. ಜಿಪಿಎಕ್ಸ್ ಫೈಲಿನ ಹೆಸರು ಬದಲಾಯಿಸಿ ವಾಟ್ಸಾಪಲ್ಲಿ ಕಳಿಸುತ್ತಾರೆ. ತೆಗೆದುಕೊಂಡವರ ಸೈಕಲ್ ಕಂಪ್ಯೂಟರಿನಲ್ಲಿ ನೋಡಿದರೆ `Morning Ride` ಅಂತಿರುತ್ತದೆ. ಯಾಕೆಂದರೆ ಫೈಲಿನ ಒಳಗೆ ಬೇರೆಯೇ ಒಂದು ಹೆಸರು ಕೂತಿದೆ, ಹಲವು ಸಾಧನಗಳು ತೋರಿಸುವುದು ಅದನ್ನೇ. ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ಫೈಲ್ ತೆರೆದು `<trk>` ಕೆಳಗಿನ ಈ ಸಾಲನ್ನು ತಿದ್ದಿ:

```
<trk>
  <name>Devimane-Dodmane</name>
```

ಇಂಗ್ಲಿಷ್ ಅಕ್ಷರ ಯಾಕೆ ಅಂದರೆ, ಕನ್ನಡ ಅಕ್ಷರ ಮೂಡದೆ ಬರೀ ಚೌಕ ತೋರಿಸುವ ಸಾಧನಗಳಿವೆ. ಆದರೆ ಒಂದೇ ಸ್ಪೆಲಿಂಗ್ ಹಿಡಿಯಿರಿ. ಒಬ್ಬರು `Dodmane`, ಇನ್ನೊಬ್ಬರು `Doddamane` ಅಂತ ಬರೆದರೆ ಹುಡುಕಿದಾಗ ಅರ್ಧ ಜನರಿಗೆ ಸಿಗುವುದಿಲ್ಲ. ಟಿಸಿಎಕ್ಸ್ ಕೋರ್ಸ್ ಮಾಡುವುದಾದರೆ ಹೆಸರಿಗೆ 15 ಅಕ್ಷರದ ಮಿತಿ ಇದೆ. ನಮ್ಮ ಹೆಸರಿನಲ್ಲಿ ಅಡ್ಡಗೆರೆ ಸೇರಿ 16. ಕೊನೆಯ `e` ಹೋಗಿ `Devimane-Dodman` ಆಗುತ್ತದೆ, ಆದರೂ ಗೊತ್ತಾಗುತ್ತದೆ. ಇದೇ ಜಾಗದಲ್ಲಿ `Sirsi-Kumta-Siddapur` ಅಂತ ಬರೆದಿದ್ದರೆ `Sirsi-Kumta-Sid` ಉಳಿಯುತ್ತಿತ್ತು, ಮೊದಲು ಕಾಣುವುದು ಎಲ್ಲರಿಗೂ ಗೊತ್ತಿರುವ ರಸ್ತೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಗುಂಪಿನ ಹೆಸರು, ಮೊದಲು ಹೋದವರ ಹೆಸರು ಇಡಬೇಡಿ. ಉಂಚಳ್ಳಿ ಜಲಪಾತಕ್ಕೆ ಬ್ರಿಟಿಷ್ ಕಾಲದ ಕಲೆಕ್ಟರ್ ಹೆಸರಲ್ಲಿ ಲಶಿಂಗ್ಟನ್ ಫಾಲ್ಸ್ ಅಂತ ಹೆಸರಾಯಿತು. ಪ್ರವಾಸಿ ಪುಸ್ತಕಗಳಲ್ಲಿ ಅದು ಇನ್ನೂ ಇದೆ. ಆದರೆ ಸಿದ್ದಾಪುರದಲ್ಲಿ ದಾರಿ ಕೇಳುವಾಗ ಉಪಯೋಗಕ್ಕೆ ಬರುವುದು ಊರಿನ ಹೆಸರು, ಉಂಚಳ್ಳಿ. ಕಾಲುದಾರಿಗಾದರೆ ಇನ್ನೂ ಜಾಗ್ರತೆ ಬೇಕು. ನಮ್ಮ ಕಡೆ ಬೆಟ್ಟಕ್ಕೆ ಸೊಪ್ಪು ತರಲು, ಪಕ್ಕದ ಊರಿಗೆ ಹೋಗಲು ಜನ ನಡೆದು ಆಗಿರುವ ದಾರಿಗಳೇ ಜಾಸ್ತಿ, ಅವಕ್ಕೆ ಹೆಸರು ಮೊದಲೇ ಇರಬಹುದು. ಹತ್ತಿರದ ಮನೆಯಲ್ಲಿ ಕೇಳಿ. ಇದ್ದರೆ ಅದನ್ನೇ ಇಡಿ. ಓಪನ್‌ಸ್ಟ್ರೀಟ್‌ಮ್ಯಾಪಿಗೆ ಹಾಕುವುದಾದರೆ ಆ ಹೆಸರು `name` ನಲ್ಲಿ ಬರಲಿ, ನಿಮ್ಮವರು ಕರೆದು ಕರೆದು ಬಳಕೆಗೆ ಬಂದಿರುವ ಇನ್ನೊಂದು ಹೆಸರಿದ್ದರೆ `alt_name` ನಲ್ಲಿ ಹಾಕಿ. ಯಾವುದರಲ್ಲಿ ಹುಡುಕಿದರೂ ಆ ದಾರಿಯೇ ಸಿಗುತ್ತದೆ.