ಜಗಳದ ಎಣಿಕೆ ಎಲ್ಲಿಂದ ಶುರುವಾಗುತ್ತದೆ?

"ಅವರು ಬಾಯಿಯೇ ಬಿಡುವುದಿಲ್ಲ, ಅದಕ್ಕೇ ಹೇಳಿದ್ದನ್ನೇ ಹೇಳಬೇಕಾಗುತ್ತದೆ" ಎನ್ನುತ್ತಾಳೆ ಹೆಂಡತಿ. "ಅವಳು ಹೇಳಿದ್ದನ್ನೇ ಹೇಳುತ್ತಾಳೆ, ಅದಕ್ಕೇ ಸುಮ್ಮನಿರುತ್ತೇನೆ" ಎನ್ನುತ್ತಾನೆ ಗಂಡ. ಇಂಥ ದಂಪತಿಗಳನ್ನು ಉದಾಹರಿಸಿ ಮನೋವಿಜ್ಞಾನಿ ಪಾಲ್ ವಾಟ್ಸ್‌ಲಾವಿಕ್ ಮತ್ತು ಸಂಗಡಿಗರು 1967ರಲ್ಲೇ ಒಂದು ಮುಖ್ಯ ಸಂಗತಿಯನ್ನು ಗುರುತಿಸಿದ್ದರು: ಇಬ್ಬರೂ ವಿವರಿಸುತ್ತಿರುವುದು ಒಂದೇ ಸರಪಳಿಯನ್ನು, ಆದರೆ ಪ್ರತಿಯೊಬ್ಬರೂ ಎಣಿಕೆಯನ್ನು ಎದುರಿನವರ ಕೊಂಡಿಯಿಂದ ಆರಂಭಿಸುತ್ತಾರೆ. ಹಾಗಾಗಿ ತಮ್ಮ ನಡೆ ಅವರಿಗೆ ಯಾವಾಗಲೂ ಪ್ರತಿಕ್ರಿಯೆಯಾಗಿಯೇ ಕಾಣುತ್ತದೆ, ಕಾರಣವಾಗಿ ಕಾಣುವುದೇ ಇಲ್ಲ.

ಒಬ್ಬರು ಒತ್ತಾಯಿಸುತ್ತ ಹೋಗುವುದು, ಇನ್ನೊಬ್ಬರು ಹಿಂದೆ ಸರಿಯುತ್ತ ಹೋಗುವುದು ಹೆಣ್ಣು ಗಂಡಿನ ಹುಟ್ಟುಗುಣವೆಂದು ಹಲವರು ನಂಬುತ್ತಾರೆ. ಆಂಡ್ರ್ಯೂ ಕ್ರಿಸ್ಟೆನ್ಸನ್ ಮತ್ತು ಕ್ರಿಸ್ಟೋಫರ್ ಹೀವಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಸಡಿಲಗೊಳಿಸಿತು. ಹೆಂಡತಿ ಬಯಸಿದ ಬದಲಾವಣೆಯ ಚರ್ಚೆಯಲ್ಲಿ ಒತ್ತಾಯ ಹೆಚ್ಚಾಗಿ ಹೆಂಡತಿಯದಾಗಿತ್ತು. ಗಂಡ ಬಯಸಿದ ಬದಲಾವಣೆಯ ಚರ್ಚೆಯಲ್ಲಿ ಆ ಅಂತರ ಉಳಿಯಲಿಲ್ಲ. ಬದಲಾವಣೆ ಯಾರಿಗೆ ಬೇಕೋ ಅವರೇ ಪೀಡಿಸುವವರಾಗುವ ಸಾಧ್ಯತೆ ಹೆಚ್ಚು ಎಂದಾಯಿತು. ನಾನಂತೂ ಇದನ್ನು ಆಶಾದಾಯಕ ಸಂಗತಿಯೆಂದೇ ಭಾವಿಸುತ್ತೇನೆ, ಏಕೆಂದರೆ ಸ್ಥಾನವನ್ನು ಬದಲಿಸಿಕೊಳ್ಳುವುದು ಸ್ವಭಾವವನ್ನು ಬದಲಿಸಿಕೊಳ್ಳುವುದಕ್ಕಿಂತ ಸುಲಭ.

ತನ್ನ ಕೊಂಡಿಯನ್ನು ಕಾಣುವುದು ಹೇಗೆ? ವಿಮಾ ಕಂತು ಕಟ್ಟುವ ವಿಷಯಕ್ಕೆ ನಡೆದ ಒಂದು ಜಗಳವನ್ನು ಊಹಿಸಿಕೊಳ್ಳಿ. ಹೆಂಡತಿಯ ನೆನಪಿನಲ್ಲಿ ಅದು "ಅವರು ಎದ್ದು ಹೊರಗೆ ಹೋದರು" ಎಂಬಲ್ಲಿಂದ ಶುರುವಾಗುತ್ತದೆ. ಆಡಿದ ಮಾತುಗಳನ್ನಷ್ಟೇ, ಉದ್ದೇಶಗಳನ್ನು ಸೇರಿಸದೆ, ಅನುಕ್ರಮವಾಗಿ ಬರೆದಾಗ ಬೇರೆಯದೇ ಚಿತ್ರ ಸಿಗುತ್ತದೆ. ಕಂತಿನ ಬಗ್ಗೆ ಮೊದಲ ಸಲ ಕೇಳಿದಾಗ ಗಂಡ "ನಾಳೆ ಕಟ್ಟುತ್ತೇನೆ" ಎಂದಿದ್ದ. ಅರ್ಧ ಗಂಟೆಯಲ್ಲಿ ಅವಳು ಮತ್ತೆರಡು ಸಲ ಕೇಳಿದ್ದಳು; ಮೂರನೆಯ ಸಲ "ನಿಮ್ಮ ನಾಳೆ ಯಾವ ವರ್ಷದ್ದು?" ಎಂಬ ಕೊಂಕು ಸೇರಿತ್ತು. ಅವನು ಎದ್ದದ್ದು ಆ ಮಾತಿನ ನಂತರ. ಹಿಂದೆ ಅವನು ಕಂತು ಮರೆತದ್ದು ನಿಜವೇ ಇರಬಹುದು, ಅವಳ ಆತಂಕಕ್ಕೆ ಆಧಾರವೂ ಇರಬಹುದು. ಆದರೆ ಪರಿಶೀಲಿಸಬೇಕಾದ ಪ್ರಶ್ನೆ ಬೇರೆ: ಎರಡನೆಯ ಮತ್ತು ಮೂರನೆಯ ಕೇಳಿಕೆ ಕಂತನ್ನು ಕಟ್ಟಿಸಿದವೇ, ಅಥವಾ ಅವನ ಮೌನವನ್ನು ಹೆಚ್ಚಿಸಿದವೇ? ಪದೇಪದೇ ಫೋನ್ ಮಾಡಿ "ನನ್ನ ಮೇಲೆ ಬೇಸರವೇ?" ಎಂದು ಕೇಳುವವರಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ.

ಬರೆಯುವಾಗಲೂ ಮನಸ್ಸು ವಕೀಲಿಗೆ ಇಳಿಯುತ್ತದೆ. ಬರಹದಲ್ಲಿ "ಯಾವಾಗಲೂ", "ಬೇಕೆಂದೇ" ಎಂಬ ಪದಗಳು ನುಸುಳಿದ್ದರೆ ಅಲ್ಲಿ ಘಟನೆಯ ಬದಲು ತೀರ್ಪು ಬಂದಿದೆ ಎಂದು ತಿಳಿಯಬಹುದು. ಎಲಿ ಫಿಂಕೆಲ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ದಂಪತಿಗಳು ತಮ್ಮ ಜಗಳವನ್ನು ಇಬ್ಬರ ಹಿತವನ್ನೂ ಬಯಸುವ ಮೂರನೆಯವರ ಕಣ್ಣಿನಿಂದ ನೋಡಿ ಬರೆದರು. ವರ್ಷದಲ್ಲಿ ಮೂರು ಸಲ, ಪ್ರತಿ ಸಲ 7 ನಿಮಿಷ. ಹಾಗೆ ಬರೆಯದವರ ದಾಂಪತ್ಯತೃಪ್ತಿ ಕುಸಿಯುತ್ತಲೇ ಹೋಯಿತು, ಬರೆದವರಲ್ಲಿ ಕುಸಿತ ನಿಂತಿತು. ಅವರ ಜಗಳಗಳ ಸಂಖ್ಯೆಯೇನೂ ಇಳಿಯಲಿಲ್ಲ, ಜಗಳದಿಂದಾಗುವ ಸಂಕಟ ಇಳಿಯಿತು.

ಈ ವಿಧಾನಕ್ಕೆ ಒಂದು ಗಡಿ ಇದೆ. ಹೊಡೆತ, ಬೆದರಿಕೆ ಅಥವಾ ಸಂಗಾತಿಯ ಭಯ ಇರುವಲ್ಲಿ ಸರಪಳಿಯ ಈ ಲೆಕ್ಕ ನಡೆಯುವುದಿಲ್ಲ. ಹಿಂಸೆಯ ಹೊಣೆ ಹಿಂಸಿಸಿದವರದೇ, ಮತ್ತು ಅಲ್ಲಿ ಮೊದಲು ಬೇಕಾಗುವುದು ಸುರಕ್ಷಿತ ಜಾಗ ಮತ್ತು ಹೊರಗಿನವರ ನೆರವು.