ಲೇಹ್‌ಗೆ ಹೋಗುವವರಿಗೆ ಡಯಾಮಾಕ್ಸ್ ಒಂದೇ ಸಾಕೇ?

ಪ್ರಶ್ನೆ: ಬೆಂಗಳೂರಿನಿಂದ ವಿಮಾನದಲ್ಲಿ ಲೇಹ್ ತಲುಪಿ, ಮರುದಿನವೇ ಪ್ಯಾಂಗಾಂಗ್ ಸರೋವರದ ಬಳಿ ತಂಗುವ ಪ್ರವಾಸ ಕಾಯ್ದಿರಿಸಿದ್ದೇವೆ. 61 ವರ್ಷದ ತಾಯಿಯವರೂ ಬರುತ್ತಿದ್ದಾರೆ. ಎತ್ತರದ ಕಾಯಿಲೆ ಬಾರದಿರಲು ಡಯಾಮಾಕ್ಸ್ ಮಾತ್ರೆ ನುಂಗಿದರೆ ಸಾಕಲ್ಲವೇ?

ಉತ್ತರ: ಸಾಲದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಕೆಲವೇ ಗಂಟೆಗಳಲ್ಲಿ ಅಷ್ಟು ಮೇಲೇರಿದ ದೇಹ ಉಸಿರಾಟವನ್ನು ಹೆಚ್ಚಿಸಿಕೊಂಡು ಹೊಂದಿಕೊಳ್ಳಲು ದಿನಗಳೇ ಬೇಕು. ಡಯಾಮಾಕ್ಸ್, ಅಂದರೆ ಅಸೆಟಜೋಲಮೈಡ್, ಆ ಹೊಂದಾಣಿಕೆಯನ್ನು ಚುರುಕುಗೊಳಿಸುತ್ತದೆಯೇ ಹೊರತು ವಿಶ್ರಾಂತಿಯ ಬದಲಿಗೆ ನಿಲ್ಲುವುದಿಲ್ಲ. ವೈದ್ಯರು ಒಪ್ಪಿದರೆ ವಯಸ್ಕರು ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ, ಹೊರಡುವ ಹಿಂದಿನ ದಿನದಿಂದ ಮೇಲೆ ತಲುಪಿದ ಎರಡು ದಿನಗಳವರೆಗೆ ತೆಗೆದುಕೊಳ್ಳುತ್ತಾರೆ. ಬೆರಳುಗಳಲ್ಲಿ ಜುಮುಜುಮು, ಪದೇ ಪದೇ ಮೂತ್ರ ಬರುವುದು ಸಹಜ. ಸಲ್ಫಾ ಔಷಧಗಳ ಅಲರ್ಜಿ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರಿಗೆ ಮೊದಲೇ ತಿಳಿಸಬೇಕು. ತಾಯಿಯವರ ವಿಷಯದಲ್ಲಿ ವಯಸ್ಸಿಗಿಂತ ಹೃದಯ, ಶ್ವಾಸಕೋಶಗಳ ಕಾಯಿಲೆಯೇ ಮುಖ್ಯವಾದ್ದರಿಂದ ಹೊರಡುವ ಮೊದಲೇ ತಪಾಸಣೆ ಮಾಡಿಸಿ.

ಮೊದಲ ಎರಡು ರಾತ್ರಿಗಳನ್ನು ಲೇಹ್‌ನಲ್ಲೇ ಕಳೆಯಿರಿ. ಮೊದಲ ದಿನ ಕೋಣೆ ಬಿಟ್ಟು ಹೆಚ್ಚು ಅಲೆದಾಡಬೇಡಿ. ಮದ್ಯವೂ ನಿದ್ರೆಮಾತ್ರೆಯೂ ಬೇಡ. ಆಮೇಲೆ ನುಬ್ರಾ ಕಣಿವೆಗೆ ಹೋಗುವುದು ಜಾಣತನ, ಏಕೆಂದರೆ ದಾರಿಯಲ್ಲಿ ಖರ್ದುಂಗ್ ಲಾ ಎಂಬ ಎತ್ತರದ ಘಟ್ಟ ದಾಟಬೇಕಾದರೂ ಅಲ್ಲಿನ ಡಿಸ್ಕಿಟ್, ಹುಂಡರ್‌ಗಳು ಲೇಹ್‌ಗಿಂತ ತಗ್ಗಿನಲ್ಲಿವೆ. ಲೆಕ್ಕಕ್ಕೆ ಬರುವುದು ಹಗಲು ಹತ್ತಿಳಿದ ಎತ್ತರಕ್ಕಿಂತ ರಾತ್ರಿ ಮಲಗುವ ಎತ್ತರ. ಸುಮಾರು 4,250 ಮೀಟರ್‌ನ ಪ್ಯಾಂಗಾಂಗ್ ಕೊನೆಗಿರಲಿ. ಪ್ರವಾಸದ ಏಜೆಂಟರಿಗೆ ಈ ಅದಲುಬದಲು ಇಷ್ಟವಾಗದಿರಬಹುದು, ಆದರೂ ಕೇಳಿ.

ತಲೆನೋವಿನ ಜೊತೆಗೆ ವಾಕರಿಕೆ, ಸುಸ್ತು, ತಲೆಸುತ್ತು ಕಂಡರೆ ಇನ್ನೂ ಮೇಲೇರಬೇಡಿ. ಪ್ಯಾರಾಸಿಟಮಾಲ್ ನೋವು ತಗ್ಗಿಸಬಹುದು, ಆದರೆ ಲಕ್ಷಣಗಳು ಪೂರ್ತಿ ಹೋಗುವವರೆಗೆ ಇದ್ದಲ್ಲೇ ಇರಿ. ವಿಶ್ರಾಂತಿಯಿಂದಲೂ ಕಡಿಮೆಯಾಗದೆ ಹೆಚ್ಚುತ್ತಿದ್ದರೆ ಕೆಳಗಿಳಿಯಿರಿ. ಸುಮ್ಮನೆ ಕುಳಿತಾಗಲೂ ಏದುಸಿರು, ನಿಲ್ಲದ ಕೆಮ್ಮು, ತುಟಿ ನೀಲಿಯಾಗುವುದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವುದರ ಸೂಚನೆ. ಇದು ಸಾಮಾನ್ಯವಾಗಿ ಎರಡನೆಯ ರಾತ್ರಿಯಿಂದಾಚೆಗೆ ಕಾಣಿಸಿಕೊಳ್ಳುತ್ತದೆ. ಮಾತು ತಡವರಿಸುವವರನ್ನು, ಮಂಕಾದವರನ್ನು ನೇರ ಗೆರೆಯ ಮೇಲೆ ಒಂದು ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗುವಂತೆ ನಡೆಸಿ ನೋಡಿ. ತೂರಾಡಿದರೆ ಮಿದುಳು ಊದಿಕೊಂಡಿರಬಹುದು. ಇವೆರಡರಲ್ಲಿ ಯಾವುದೇ ಕಂಡರೂ ಬೆಳಗಿಗೆ ಕಾಯದೆ ಆಮ್ಲಜನಕ ಕೊಡಿಸಿ, ಕೆಳಗಿಳಿಸಬೇಕು. ಡೆಕ್ಸಾಮೆಥಾಸೋನ್‌ನಂತಹ ಔಷಧವನ್ನು ವೈದ್ಯರ ಸೂಚನೆಯಂತೆ ಕೊಟ್ಟರೂ ಇಳಿಯುವುದನ್ನು ಮುಂದೂಡುವಂತಿಲ್ಲ.

ಪ್ಯಾಂಗಾಂಗ್‌ನಲ್ಲಿ ಈ ಇಳಿಯುವುದೇ ಕಷ್ಟ. ಅಲ್ಲಿಂದ ಲೇಹ್‌ಗೆ ಮರಳುವ ಸಾಮಾನ್ಯ ದಾರಿಯಲ್ಲಿ 5,300 ಮೀಟರ್ ಮೀರಿದ ಚಾಂಗ್ ಲಾ ಘಟ್ಟ ಹತ್ತಬೇಕು. ಅಂದರೆ ರೋಗಿಯನ್ನು ಇಳಿಸುವ ಮೊದಲು ಏರಿಸಬೇಕಾಗುತ್ತದೆ. ಆದ್ದರಿಂದ ತಕ್ಷಣಕ್ಕೆ ಕಣಿವೆಯ ಹೊರಗೆ ಹೋಗದೆ ಸರೋವರಕ್ಕಿಂತ ಸುಮಾರು 300 ಮೀಟರ್ ತಗ್ಗಿನಲ್ಲಿರುವ ಟಾಂಗ್ಸೆಗೆ ಕರೆದೊಯ್ಯುವುದು ಲೇಸು, ಕಾರಿನಲ್ಲಿ ಆಮ್ಲಜನಕದ ಸಿಲಿಂಡರ್ ಇರಲೇಬೇಕು. ಸರೋವರಕ್ಕೆ ಹೊರಡುವ ಬೆಳಿಗ್ಗೆ ಯಾರಿಗಾದರೂ ತಲೆನೋವು ಉಳಿದಿದ್ದರೆ ಅವರ ಜೊತೆ ಒಬ್ಬರು ಲೇಹ್‌ನಲ್ಲೇ ನಿಲ್ಲಿ. ಅಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ದೆಹಲಿಗೆ ವಿಮಾನವೂ ಇದೆ.